ಫಿಲ್ಟರ್ ತೊಳೆದರೂ ಹೋಗದ ಏಸಿ ವಾಸನೆ

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೂ ನೀರು ಸಿಕ್ಕ ವರ್ಷ, ಸಿಂಧನೂರು, ಮಸ್ಕಿ ಕಡೆ ಭತ್ತದ ಕೊಯ್ಲು ಬಿರುಬೇಸಿಗೆಯಲ್ಲೇ ಬರುತ್ತದೆ. ಹೊಟ್ಟಿನ ಧೂಳು ಏಳುವುದೂ ಆಗಲೇ, ಏಸಿ ಹಗಲಿರುಳು ಓಡುವುದೂ ಆಗಲೇ. ಲಿಂಗಸುಗೂರಿನ ಒಣನೆಲದಲ್ಲಿ ಹೊಟ್ಟಿನ ಬದಲು ಮಣ್ಣಿನ ಧೂಳು. ಫಿಲ್ಟರಿನ ಜಾಳಿಗೆ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ನುಣುಪಾದದ್ದು ಒಳಗೆ ಹೋಗುತ್ತದೆ.

ಒಳಗೆ ಹೋದ ಗಾಳಿ ಮೊದಲು ತಣ್ಣನೆಯ ಕಾಯಿಲ್ ದಾಟಿ, ಆಮೇಲೆ ಬ್ಲೋವರಿಗೆ ಬರುತ್ತದೆ. ಬ್ಲೋವರ್ ಎಂದರೆ ಏಸಿಯ ಉದ್ದಕ್ಕೂ ಅಡ್ಡಲಾಗಿ ಮಲಗಿದ ಪ್ಲಾಸ್ಟಿಕ್ ಉರುಳೆ, ಅದರ ಸುತ್ತ ಬಾಗಿದ ಸಣ್ಣ ರೆಕ್ಕೆಗಳು. ಕಾಯಿಲ್ ಮೇಲೆ ನೀರು ಹನಿಗಟ್ಟುವುದರಿಂದ ಅದರ ಹಿಂದಿರುವ ಬ್ಲೋವರಿಗೂ ತೇವ ತಟ್ಟುತ್ತದೆ. ರೆಕ್ಕೆಗಳ ಬಾಗಿನಲ್ಲಿ ಧೂಳು ಅಂಟಿ ಬೂಷ್ಟು ಬೆಳೆಯುತ್ತದೆ. ಮಾಮೂಲಿ ಸರ್ವಿಸಿನಲ್ಲಿ ಮುಂಭಾಗದ ಕಾಯಿಲಿಗೆ ನೀರು ಹೊಡೆದು ಬಿಟ್ಟರೆ ಈ ಕೊಳೆ ಹಾಗೇ ಉಳಿಯುತ್ತದೆ.

ಪರೀಕ್ಷೆ ಸುಲಭ. ಎಂ.ಸಿ.ಬಿ. ಇಳಿಸಿ, ಗಾಳಿ ಬರುವ ಕಿಂಡಿಯ ಪಟ್ಟಿಯನ್ನು ಮೆಲ್ಲಗೆ ಸರಿಸಿ ಟಾರ್ಚ್ ಬಿಡಿ. ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆ, ನಡುವೆ ಬೂದುಬಣ್ಣದ ಪದರ ಕಂಡರೆ ವಾಸನೆಯ ಮೂಲ ಸಿಕ್ಕಂತೆ. ಫಿಲ್ಟರ್ ಚೊಕ್ಕಟವಿದ್ದೂ ಗಾಳಿ ಕಡಿಮೆಯಾಗಿದ್ದರೆ ಗುಮಾನಿ ಇನ್ನೂ ಗಟ್ಟಿ. ರೆಕ್ಕೆ ಸ್ವಚ್ಛವಿದ್ದರೆ ನೀರಿನ ತಟ್ಟೆ, ಡ್ರೈನ್ ಪೈಪ್ ನೋಡಬೇಕು.

ತೊಳೆಯುವಾಗ ಎಂ.ಸಿ.ಬಿ. ಇಳಿಸಿಯೇ ಇರಬೇಕು. ಮುಚ್ಚಳ ತೆಗೆದು, ಹೆಚ್ಚಿನ ಏಸಿಗಳಲ್ಲಿ ಬಲಗಡೆ ಇರುವ ಬೋರ್ಡ್ ಮತ್ತು ಮೋಟಾರನ್ನು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಸುತ್ತಿ. ಕೊಳೆನೀರು ಕಿಂಡಿಯಿಂದಲೇ ಸುರಿಯುವುದರಿಂದ ಕೆಳಗೆ ವಾಷಿಂಗ್ ಬ್ಯಾಗ್ ಕಟ್ಟಿ, ಅದರ ಪೈಪನ್ನು ಬಕೆಟ್ಟಿಗೆ ಬಿಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಬೆರೆಸಿದ ನೀರನ್ನು ಕೈಪಂಪಿನಿಂದ ಸಿಂಪಡಿಸಿ, 10 ನಿಮಿಷ ನೆನೆಯಲು ಬಿಡಿ. ಆಮೇಲೆ ಉರುಳೆಯನ್ನು ಬೆರಳಿನಿಂದ ತುಸು ತುಸುವೇ ತಿರುಗಿಸುತ್ತ, ಮೆತ್ತನೆಯ ಬ್ರಷ್ಷಿನಿಂದ ಒಂದೊಂದು ರೆಕ್ಕೆಯ ಬಾಗನ್ನೂ ಉಜ್ಜಿ. ಮೊದಲು ಇಳಿಯುವುದು ಕಪ್ಪು ರಾಡಿ; ತಿಳಿನೀರು ಬರುವವರೆಗೂ ತೊಳೆಯಬೇಕು. ನೊರೆಯ ಸ್ಪ್ರೇ ಹೊಡೆದು ಅಷ್ಟಕ್ಕೇ ಬಿಟ್ಟರೆ ಸಡಿಲವಾದ ಕೊಳೆ ಒಳಗೇ ಉಳಿದು, ವಾಸನೆ ಬೇಗನೆ ಮರಳುತ್ತದೆ.

ಜೋರಾಗಿ ತಿವಿದು ರೆಕ್ಕೆ ಮುರಿದರೆ ಉರುಳೆಯ ಸಮತೂಕ ತಪ್ಪಿ ಏಸಿ ಗಡಗಡ ನಡುಗುತ್ತದೆ. ರೆಕ್ಕೆಗೆ ಚಿಕ್ಕ ಕ್ಲಿಪ್ ಸಿಕ್ಕಿಸಿದ್ದು ಕಂಡರೆ ಕೀಳಬೇಡಿ. ತೂಕ ಸರಿದೂಗಿಸಲು ಕಂಪನಿಯೇ ಹಾಕಿದ್ದು ಅದು.

ಕೊಳೆ ಗಟ್ಟಿಯಾಗಿ ಬ್ರಷ್ಷಿಗೂ ಬಗ್ಗದಿದ್ದರೆ ಉರುಳೆಯನ್ನೇ ಹೊರತೆಗೆಯಬೇಕು. ಅದಕ್ಕೆ ಮೋಟಾರಿನ ಸ್ಕ್ರೂ ಸಡಿಲಿಸಿ, ಅನೇಕ ಮಾಡೆಲ್‌ಗಳಲ್ಲಿ ಕಾಯಿಲನ್ನೂ ತುಸು ಎತ್ತಬೇಕಾಗುತ್ತದೆ. ಆಗ ತಾಮ್ರದ ಪೈಪ್ ಮಡಚಿ ಸೀಳಿದರೆ ಗ್ಯಾಸ್ ಹೋದಂತೆಯೇ. ಇದು ನುರಿತ ಮೆಕ್ಯಾನಿಕ್ ಕೆಲಸ. ಕರೆಯುವಾಗಲೇ “ಬ್ಲೋವರ್ ಬಿಚ್ಚಿ ತೊಳೆಯಬೇಕ್ರಿ” ಎಂದು ಹೇಳಿ.

ಬೋರ್ಡಿನ ಭಾಗ ಪೂರ್ತಿ ಒಣಗಿದ್ದನ್ನು ನೋಡಿಕೊಂಡೇ ಕರೆಂಟ್ ಕೊಡಿ, ಒಂದು ತಾಸು ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ಮುಂದೆಯೂ ದಿನಾ ಏಸಿ ಆಫ್ ಮಾಡುವ ಮೊದಲು 15 ನಿಮಿಷ ಫ್ಯಾನ್ ಮೋಡ್‌ಗೆ ಹಾಕಿದರೆ ರೆಕ್ಕೆಗಳ ತೇವ ಆರಿ, ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.