ಹಿಮೋಗ್ಲೋಬಿನ್ 17.8 ಬಂದಿದೆ: ರಕ್ತ ಚೆನ್ನಾಗಿದೆ ಅಂತಲೋ, ಸಿಗರೇಟಿನ ಲೆಕ್ಕವೋ?

ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಮನೆಯಲ್ಲಿ ಎಲ್ಲರಿಗೂ ಗಾಬರಿ. ಬೀಟ್‌ರೂಟ್ ತಿನ್ನಿ, ಖರ್ಜೂರ ತಿನ್ನಿ, ನುಗ್ಗೆಸೊಪ್ಪು ತಿನ್ನಿ ಎಂದು ಫಾರ್ವರ್ಡ್‌ಗಳು ಬರುತ್ತಲೇ ಇರುತ್ತವೆ. ಅದೇ ಹಿಮೋಗ್ಲೋಬಿನ್ ಮಿತಿಗಿಂತ ಹೆಚ್ಚು ಬಂದರೆ? "ರಕ್ತ ಚೆನ್ನಾಗಿದೆ, ಖುಷಿಪಡು" ಎನ್ನುವವರು ಒಬ್ಬರು. "ಸಿಗರೇಟು ಸೇದ್ತೀಯಲ್ಲ, ಅದಕ್ಕೇ, ಬಿಡು" ಎನ್ನುವವರು ಇನ್ನೊಬ್ಬರು. ರಾತ್ರಿ ಮೊಬೈಲಿನಲ್ಲಿ ಹುಡುಕಿ ಬ್ಲಡ್ ಕ್ಯಾನ್ಸರ್ ಎಂದು ನಿದ್ದೆಗೆಡುವವರು ಮತ್ತೊಬ್ಬರು.

ಮೊದಲನೆಯ ಮಾತು ತಪ್ಪು. ಎರಡನೆಯದು ಅರ್ಧ ಸರಿ. ಮೂರನೆಯದು ಹೆಚ್ಚಿನವರ ವಿಷಯದಲ್ಲಿ ಅನಗತ್ಯ ಭಯ, ಆದರೆ ಕೆಲವರ ವಿಷಯದಲ್ಲಿ ನಿಜ. ಇವನ್ನು ಬೇರ್ಪಡಿಸುವುದು ಹೇಗೆ ಎಂದು ನೋಡೋಣ.

ಆ ಎರಡು ಸಂಖ್ಯೆಗಳು ಏನು ಹೇಳುತ್ತವೆ?

ಸಿಬಿಸಿ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಜೊತೆಗೆ ಹಿಮ್ಯಾಟೊಕ್ರಿಟ್ ಎಂಬ ಇನ್ನೊಂದು ಸಾಲು ಇರುತ್ತದೆ. ಕೆಲವು ಲ್ಯಾಬ್‌ಗಳು ಅದನ್ನು ಪಿಸಿವಿ ಎಂದು ಬರೆಯುತ್ತವೆ. ನೂರು ಭಾಗ ರಕ್ತದಲ್ಲಿ ಕೆಂಪು ರಕ್ತಕಣಗಳು ಎಷ್ಟು ಭಾಗ ಇವೆ ಎನ್ನುವುದು ಅದರ ಅರ್ಥ. ಉಳಿದದ್ದು ಹೆಚ್ಚೂಕಡಿಮೆ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ.

ಹುಳಿ ಗಟ್ಟಿಯಾಗುವುದಕ್ಕೆ ಎರಡು ಕಾರಣ ಇರಬಹುದು: ಬೇಳೆ ಹೆಚ್ಚಾಗಿರಬೇಕು, ಇಲ್ಲವೇ ನೀರು ಕಡಿಮೆಯಾಗಿರಬೇಕು. ರಕ್ತವೂ ಹಾಗೆಯೇ. ವಾಂತಿಭೇದಿಯಾಗಿದ್ದರೆ, ನೀರು ಕುಡಿಯದೆ ರಕ್ತ ಕೊಟ್ಟಿದ್ದರೆ ಕಣಗಳು ಹೆಚ್ಚದೆಯೂ ಸಂಖ್ಯೆ ಏರುತ್ತದೆ. ಆದ್ದರಿಂದಲೇ ಒಂದು ರಿಪೋರ್ಟು ನೋಡಿ ತೀರ್ಮಾನ ಮಾಡುವುದಿಲ್ಲ. ಒಂದೆರಡು ವಾರ ಬಿಟ್ಟು, ಚೆನ್ನಾಗಿ ನೀರು ಕುಡಿದು, ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಮೊದಲ ಹೆಜ್ಜೆ.

ಎರಡನೇ ಸಲವೂ ಹೆಚ್ಚಿದ್ದರೆ ವೈದ್ಯರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಷ್ಟೊಂದು ಕೆಂಪುಕಣಕ್ಕೆ ಆರ್ಡರ್ ಕೊಟ್ಟವರು ಯಾರು? ಸಾಮಾನ್ಯವಾಗಿ ಆರ್ಡರ್ ಕೊಡುವುದು ಕಿಡ್ನಿ. ಆಮ್ಲಜನಕ ಸಾಲದು ಎಂದು ಅದಕ್ಕೆ ತಿಳಿದರೆ ಎರಿತ್ರೋಪೊಯಿಟಿನ್, ಚಿಕ್ಕದಾಗಿ ಇಪಿಒ, ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಮೂಳೆಮಜ್ಜೆ ಅದನ್ನು ಕೇಳಿ ಕಣಗಳನ್ನು ತಯಾರಿಸುತ್ತದೆ. ಕೆಲವೊಮ್ಮೆ ಮಾತ್ರ, ಯಾರೂ ಕೇಳದೆಯೂ ಮಜ್ಜೆ ತಾನೇ ತಯಾರಿಸುತ್ತಾ ಹೋಗುತ್ತದೆ. ಅದು ಪಾಲಿಸೈಥೀಮಿಯಾ ವೀರಾ ಎಂಬ ಕಾಯಿಲೆ. ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಅದು. ಮುಂದಿನ ಪರೀಕ್ಷೆಗಳೆಲ್ಲ ಬಹುಪಾಲು ಈ ಎರಡನ್ನು ಬೇರ್ಪಡಿಸಲಿಕ್ಕೆ.

ಸಿಗರೇಟು ಹೇಗೆ ಸಂಖ್ಯೆ ಏರಿಸುತ್ತದೆ?

ಸಿಗರೇಟಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿದ ಹಾಗೆ. ಬಸ್ಸಿದೆ, ಸೀಟಿದೆ, ಆದರೆ ಆಮ್ಲಜನಕಕ್ಕೆ ಕೂರಲು ಜಾಗವಿಲ್ಲ. ಕಿಡ್ನಿ ಆಮ್ಲಜನಕದ ಕೊರತೆ ಎಂದು ತಿಳಿದು ಇನ್ನಷ್ಟು ಬಸ್ಸು ಬಿಡಿ ಎನ್ನುತ್ತದೆ. ಇದರ ಜೊತೆಗೆ ಸಿಗರೇಟು ಪ್ಲಾಸ್ಮಾವನ್ನೂ ಕಡಿಮೆ ಮಾಡುತ್ತದೆ. ಬೇಳೆಯೂ ಹೆಚ್ಚು, ನೀರೂ ಕಡಿಮೆ.

ಹಾಗಾದರೆ ಹಿಮೋಗ್ಲೋಬಿನ್ 17 ಇರಲಿ, 19 ಇರಲಿ, ಸಿಗರೇಟಿನ ಮೇಲೆ ಹಾಕಬಹುದೇ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಧೂಮಪಾನಿಗಳಿಗೆ ಸರಾಸರಿಯಾಗಿ ಕೊಡುವ ರಿಯಾಯಿತಿ ಸುಮಾರು 0.3 ಗ್ರಾಂ. ತುಂಬಾ ಸೇದುವವರಿಗೂ ಅದು ಒಂದು ಗ್ರಾಂ ಮುಟ್ಟುವುದಿಲ್ಲ. ಕೆಲವರಲ್ಲಿ ಏರಿಕೆ ಸರಾಸರಿಗಿಂತ ಹೆಚ್ಚಿರುತ್ತದೆ, ನಿಜ. ಆದರೆ ಸಂಖ್ಯೆ ಮೇಲೇರಿದಷ್ಟೂ "ಸಿಗರೇಟು ಅಷ್ಟೇ" ಎನ್ನುವ ಉತ್ತರ ಸಡಿಲವಾಗುತ್ತದೆ. ಧೂಮಪಾನಿಗೂ ಪಾಲಿಸೈಥೀಮಿಯಾ ವೀರಾ ಬರಬಹುದು. ಸಿಗರೇಟು ಅದನ್ನು ತಡೆಯುವುದಿಲ್ಲ, ಮರೆಮಾಚುತ್ತದೆ.

"ಆಕ್ಸಿಮೀಟರ್ 98 ತೋರಿಸ್ತಿದೆಯಲ್ಲ?"

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇಂದಿಗೂ ಎಷ್ಟೋ ಮನೆಗಳ ಡ್ರಾಯರಿನಲ್ಲಿದೆ. ಧೂಮಪಾನಿಗಳ ವಿಷಯದಲ್ಲಿ ಅದರ ಮಾತನ್ನು ಪೂರ್ತಿ ನಂಬುವಂತಿಲ್ಲ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಎರಡು ಬಗೆಯ ಬೆಳಕಿನಿಂದ ರಕ್ತದ ಬಣ್ಣ ನೋಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅದಕ್ಕೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಹಾಗೆಯೇ ಕಾಣಿಸುತ್ತದೆ. ಟವೆಲ್ ಹಾಕಿದ ಸೀಟನ್ನೂ ಅದು ತುಂಬಿದ ಸೀಟು ಎಂದೇ ಎಣಿಸುತ್ತದೆ.

ನಿಜವಾದ ಪ್ರಮಾಣ ತಿಳಿಯಲು ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಬೇಕು. ರಕ್ತದ ಅನಿಲಗಳನ್ನು ಅಳೆಯುವ ಯಂತ್ರವಿರುವ ಆಸ್ಪತ್ರೆಗಳಲ್ಲಿ ಇದನ್ನು ಮಾಡುತ್ತಾರೆ. ಕೊನೆಯ ಸಿಗರೇಟು ಸೇದಿ ನಾಲ್ಕೈದು ಗಂಟೆ ಆಗಿದ್ದರೆ ಪ್ರಮಾಣ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಎಷ್ಟು ಹೊತ್ತಿಗೆ ಸೇದಿದಿರಿ ಎಂದು ವೈದ್ಯರಿಗೆ ನಿಜ ಹೇಳಿ.

ಎತ್ತರದ ಊರಿನಲ್ಲಿದ್ದು ಬಂದವರಿಗೆ?

"ಬೆಂಗಳೂರೇ ಎತ್ತರದಲ್ಲಿದೆ, ಅದಕ್ಕೇ ಹೆಚ್ಚು" ಎನ್ನುವವರೂ ಇದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. 2024ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಈ ಎತ್ತರಕ್ಕೆ ಲೆಕ್ಕ ಹಿಡಿಯುವುದು ಅರ್ಧ ಗ್ರಾಂಗಿಂತ ಕಡಿಮೆ. 17.8ಕ್ಕೆ ಜಯನಗರದ ಎತ್ತರ ಕಾರಣವಾಗಲಾರದು.

ಲೇಹ್ ವಿಷಯ ಬೇರೆ. ಅದು ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಸುಮಾರು ಎರಡೂವರೆ ಗ್ರಾಂ ಲೆಕ್ಕ ಹಿಡಿಯುತ್ತಾರೆ. ಲಡಾಖ್‌ನಲ್ಲಿ ತಿಂಗಳುಗಟ್ಟಲೆ ಕೆಲಸದಲ್ಲಿದ್ದು ರಜೆಗೆ ಬನಶಂಕರಿಯ ಮನೆಗೆ ಬಂದ ಸೈನಿಕನ ಹಿಮೋಗ್ಲೋಬಿನ್ 17.8 ಇದ್ದರೆ ಅದು ಬಹುಮಟ್ಟಿಗೆ ನಿರೀಕ್ಷಿತ. ಕೆಳಗಿಳಿದ ಮೇಲೆ ಕಿಡ್ನಿಯ ಆರ್ಡರ್ ಬೇಗ ನಿಲ್ಲುತ್ತದೆ, ವಾರಗಳು ಕಳೆದಂತೆ ಸಂಖ್ಯೆಯೂ ಇಳಿಯುತ್ತದೆ. ಎರಡು ಮೂರು ತಿಂಗಳು ಇಲ್ಲೇ ಇದ್ದರೂ ಇಳಿಯದಿದ್ದರೆ ಎತ್ತರದ ನೆಪ ಹೇಳುವಂತಿಲ್ಲ. ಇನ್ನು ಮೇಲೆಯೇ ನೆಲೆಸಿರುವ ಗಂಡಸರಲ್ಲಿ 21 ಮುಟ್ಟಿದರೆ ಅದನ್ನು ದೇಹದ ಹೊಂದಾಣಿಕೆ ಎಂದು ಬಿಡುವುದಿಲ್ಲ. ಅದು ಎತ್ತರದ ಊರಿನ ದೀರ್ಘಕಾಲದ ಕಾಯಿಲೆಯೊಂದರ ಗುರುತು.

ಬೈಕಿನಲ್ಲಿ ಲೇಹ್‌ಗೆ ಒಂದು ವಾರ ಹೋಗಿ ಬಂದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಮೊದಲ ದಿನಗಳಲ್ಲಿ ಏರುವುದು ಮುಖ್ಯವಾಗಿ ಪ್ಲಾಸ್ಮಾ ಕಡಿಮೆಯಾಗುವುದರಿಂದ. ಹೊಸ ಕಣಗಳು ತಯಾರಾಗಿ ಸಂಖ್ಯೆ ಬದಲಾಗಲು ವಾರಗಳೇ ಬೇಕು.

ಒಂದು ಉದಾಹರಣೆ

ಜೆ.ಪಿ. ನಗರದ 42 ವರ್ಷದ ಒಬ್ಬರನ್ನು ಕಲ್ಪಿಸಿಕೊಳ್ಳಿ. ದಿನಕ್ಕೆ ಹನ್ನೆರಡು ಸಿಗರೇಟು, ಹದಿನೈದು ವರ್ಷದಿಂದ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 17.8, ಹಿಮ್ಯಾಟೊಕ್ರಿಟ್ 53.4. ಬಿಳಿಕಣ, ಪ್ಲೇಟ್‌ಲೆಟ್ ಸರಿಯಾಗಿವೆ. ಎರಡು ವಾರದ ನಂತರ ಮತ್ತೆ ನೋಡಿದರೆ 17.5 ಮತ್ತು 52.5. ಅಂದರೆ ನೀರಿನ ಕೊರತೆಯಷ್ಟೇ ಅಲ್ಲ.

ಗಂಡಸರಲ್ಲಿ ಪಾಲಿಸೈಥೀಮಿಯಾ ವೀರಾದ ಅನುಮಾನ ಶುರುವಾಗುವ ಗೆರೆ ಹಿಮೋಗ್ಲೋಬಿನ್ 16.5 ಅಥವಾ ಹಿಮ್ಯಾಟೊಕ್ರಿಟ್ 49. ಆ ಗೆರೆ ಸ್ವಲ್ಪ ದಾಟಿದ ಆರೋಗ್ಯವಂತರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಹಿಮ್ಯಾಟೊಕ್ರಿಟ್ 52ರ ಮೇಲೆ ಎರಡು ತಿಂಗಳಾದರೂ ನಿಂತರೆ ಕಾರಣ ಹುಡುಕಲೇಬೇಕು.

ಇವರ ವೈದ್ಯರು ಮೊದಲು ಮಾತ್ರೆಗಳ ಬಗ್ಗೆ ಕೇಳುತ್ತಾರೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಗಳೂ, ಜಿಮ್‌ನಲ್ಲಿ ಕೆಲವರು ತೆಗೆದುಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನೂ ಹಿಮ್ಯಾಟೊಕ್ರಿಟ್ ಏರಿಸುತ್ತವೆ. (ಸಕ್ಕರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.) ಗೊರಕೆ ಹೊಡೆಯುತ್ತಾ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ಹೆಂಡತಿಯನ್ನೂ ಕೇಳುತ್ತಾರೆ. ಆಮೇಲೆ ಎರಡು ರಕ್ತಪರೀಕ್ಷೆ ಬರೆಯುತ್ತಾರೆ: ಇಪಿಒ ಮತ್ತು ಜಾಕ್2.

ಜಾಕ್2 ವಂಶವಾಹಿಯ ಬದಲಾವಣೆ 2005ರಲ್ಲಿ ಪತ್ತೆಯಾಯಿತು. ಪಾಲಿಸೈಥೀಮಿಯಾ ವೀರಾ ಇರುವವರಲ್ಲಿ ನೂರಕ್ಕೆ ಸುಮಾರು 95 ಮಂದಿಯಲ್ಲಿ ಅದರ ಒಂದೇ ಬಗೆಯ ಬದಲಾವಣೆ ಸಿಗುತ್ತದೆ. ಮಜ್ಜೆ ತಾನೇ ಕಣ ತಯಾರಿಸುತ್ತಿದ್ದರೆ ಕಿಡ್ನಿಗೆ ಆರ್ಡರ್ ಕೊಡುವ ಕೆಲಸವಿಲ್ಲ, ಇಪಿಒ ಕಡಿಮೆ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಜಾಕ್2 ಇಲ್ಲ, ಇಪಿಒ ಸರಿಯಾಗಿದೆ. ಅವರು ಸಿಗರೇಟು ನಿಲ್ಲಿಸುತ್ತಾರೆ. ಪ್ಲಾಸ್ಮಾ ಕೆಲವು ದಿನಗಳಲ್ಲೇ ಮೊದಲಿನಂತಾಗುತ್ತದೆ. ಕೆಂಪುಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಹೆಚ್ಚುವರಿ ಕಣಗಳು ಕರಗಲು ತಿಂಗಳುಗಳು ಬೇಕು. ಮೂರು ತಿಂಗಳ ನಂತರ 16.0 ಮತ್ತು 47.5. ಸಿಗರೇಟೇ ಕಾರಣ ಎಂದು ಈಗ ಹೇಳಬಹುದು, ಮೊದಲ ದಿನವೇ ಅಲ್ಲ.

ಜಾಕ್2 ಸಿಗದೆ ಇಪಿಒ ಮಾತ್ರ ಕಡಿಮೆ ಬಂದಿದ್ದರೆ? ಆಗ ಕಥೆ ಮುಗಿಯುತ್ತಿರಲಿಲ್ಲ. ರಕ್ತರೋಗ ತಜ್ಞರು ಜಾಕ್2ನ ಅಪರೂಪದ ಇನ್ನೊಂದು ಬದಲಾವಣೆಯನ್ನು, ಬೇಕಾದರೆ ಮಜ್ಜೆಯನ್ನೂ ಪರೀಕ್ಷಿಸುತ್ತಾರೆ.

ಮೂರು ತಿಂಗಳು ಕಾಯಬಾರದ ಸಂದರ್ಭಗಳು

ಬಿಸಿನೀರಿನ ಸ್ನಾನವಾದ ಮೇಲೆ ಗುಳ್ಳೆಯಿಲ್ಲದೆ ಮೈಯೆಲ್ಲ ತುರಿಕೆ, ಬೆರಳುಗಳು ಕೆಂಪಾಗಿ ಉರಿಯುವುದು, ಎಡ ಪಕ್ಕೆಲುಬಿನ ಕೆಳಗೆ ಭಾರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆ ಆಗಿರುವುದು: ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಮುಂದೂಡಬೇಡಿ. ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷ ದಾಟಿದ್ದರೂ ಹಾಗೆಯೇ. ಬಿಳಿಕಣ ಸ್ವಲ್ಪ ಹೆಚ್ಚಿದ್ದರೆ ಅದಕ್ಕೆ ಸಿಗರೇಟೂ ಕಾರಣ ಇರಬಹುದು. ಹಿಮ್ಯಾಟೊಕ್ರಿಟ್ 60ರ ಹತ್ತಿರ ಇದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಾಲು ಮಾತ್ರ ಊದುವುದು ಕಂಡರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ರಕ್ತ ಮಂದವಾದಷ್ಟೂ ಹೆಪ್ಪುಗಟ್ಟುವ ಅಪಾಯ ಹೆಚ್ಚು.

ರಕ್ತದಾನ ಮಾಡಿಬಿಟ್ಟರೆ ಸರಿಹೋಗುವುದಿಲ್ಲವೇ?

ಸಂಖ್ಯೆ ಇಳಿಯುತ್ತದೆ, ಆದರೆ ಕಾರಣ ಉಳಿಯುತ್ತದೆ. ಪದೇ ಪದೇ ರಕ್ತ ಕೊಟ್ಟರೆ ದೇಹದ ಕಬ್ಬಿಣ ಖಾಲಿಯಾಗಿ ಹಿಮೋಗ್ಲೋಬಿನ್ ಮಿತಿಯೊಳಗೇ ಕಾಣಿಸುತ್ತದೆ, ಕಾಯಿಲೆ ಇನ್ನಷ್ಟು ಕಾಲ ಬಚ್ಚಿಟ್ಟುಕೊಳ್ಳುತ್ತದೆ. ಪಾಲಿಸೈಥೀಮಿಯಾ ವೀರಾಕ್ಕೆ ರಕ್ತ ತೆಗೆಯುವುದೂ ಒಂದು ಚಿಕಿತ್ಸೆಯೇ ಹೌದು. ಆದರೆ ಅದು ವೈದ್ಯರ ಲೆಕ್ಕದಲ್ಲಿ, ಹಿಮ್ಯಾಟೊಕ್ರಿಟ್ 45ರ ಕೆಳಗೆ ಇರುವಂತೆ ನಡೆಯುತ್ತದೆ. ಆದ್ದರಿಂದ ಮೊದಲು ಪರೀಕ್ಷೆ, ದಾನದ ಮಾತು ಆಮೇಲೆ.

ರಕ್ತರೋಗ ತಜ್ಞರನ್ನು ಕಾಣಿ ಎಂದು ಚೀಟಿ ಬರೆದುಕೊಟ್ಟರೆ, ಕಿದ್ವಾಯಿಗೆ ಹೋಗಿ ಎಂದರೂ ಸರಿ, ಕ್ಯಾನ್ಸರ್ ಖಚಿತ ಎಂದಲ್ಲ. ಹೋಗುವಾಗ ಹಳೆಯ ಸಿಬಿಸಿ ರಿಪೋರ್ಟುಗಳನ್ನೆಲ್ಲ ಜೊತೆಗೆ ತೆಗೆದುಕೊಂಡು ಹೋಗಿ. ಐದು ವರ್ಷದಿಂದ 16.8ರಲ್ಲೇ ನಿಂತಿರುವ ಸಂಖ್ಯೆಗೂ, ಎರಡು ವರ್ಷದಲ್ಲಿ 15ರಿಂದ 17.8ಕ್ಕೆ ಏರಿದ ಸಂಖ್ಯೆಗೂ ಅರ್ಥ ಬೇರೆ ಬೇರೆ.