ಅರಸನ ದಿಬ್ಬ ಖಾಲಿ, ಮೂಳೆ ಚರ್ಚಿನಡಿ!

ಕೊರೆದರು, ಕೊರೆದರು, ನಟ್ಟನಡುವಿನವರೆಗೂ ಸುರಂಗ ಕೊರೆದರು. ಒಳಗೆ ಯಾರೂ ಇಲ್ಲ! 1861ರಲ್ಲಿ ಡೆನ್ಮಾರ್ಕಿನ ದೊರೆ ಏಳನೇ ಫ್ರೆಡರಿಕ್, ಯೆಲ್ಲಿಂಗ್ ಎಂಬ ಹಳ್ಳಿಯ ದಕ್ಷಿಣ ದಿಬ್ಬವನ್ನು ಅಗೆಸಿದ. ಸುಮಾರು 70 ಮೀಟರ್ ಅಗಲ, 11 ಮೀಟರ್‌ವರೆಗೂ ಎತ್ತರ. ಇಷ್ಟು ಮಣ್ಣು ಪೇರಿಸಿದ್ದಾರೆಂದರೆ ಅಡಿಯಲ್ಲಿ ಒಬ್ಬ ಮಹಾರಾಜನಾದರೂ ಮಲಗಿರಲೇಬೇಕಲ್ಲವೇ? ಸಮಾಧಿಯಿಲ್ಲ, ಮೂಳೆಯಿಲ್ಲ, ಬೂದಿಯೂ ಇಲ್ಲ. 1941ರಲ್ಲಿ ಮತ್ತೆ ಅಗೆದಾಗಲೂ ಅದೇ ಕತೆ.

ಪಕ್ಕದ ಉತ್ತರ ದಿಬ್ಬದ ಗುಟ್ಟು ಇನ್ನೂ ಮೊದಲೇ ಬಯಲಾಗಿತ್ತು. ಅದರ ನೆತ್ತಿಯ ಮೇಲಿದ್ದ ನೀರಿನ ಗುಂಡಿ ಬತ್ತಿಹೋಯಿತೆಂದು 1820ರಲ್ಲಿ ಊರವರು ಆಳಕ್ಕೆ ಅಗೆದರು. ನೀರಿನ ಬದಲು ಸಿಕ್ಕಿದ್ದು ಓಕ್ ಮರದ ದಿಮ್ಮಿಗಳಿಂದ ಕಟ್ಟಿದ ಕೋಣೆ! ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಿದ ವಿಜ್ಞಾನಿಗಳು ಆ ಮರಗಳನ್ನು ಕಡಿದದ್ದು 958-59ರ ಚಳಿಗಾಲದಲ್ಲಿ ಎಂದು ಹೇಳಿದರು. ಇದು ಗೋರ್ಮ್ ದೊರೆಯ ಕೊನೆಗಾಲಕ್ಕೆ ಹೊಂದುವ ಕಾಲ. ಆದರೆ ಕೋಣೆಯಲ್ಲಿ ಗೋರ್ಮ್ ಇರಲಿಲ್ಲ. ಒಂದು ಪುಟ್ಟ ಬೆಳ್ಳಿ ಬಟ್ಟಲು ಮತ್ತು ಕೆಲವು ಚೂರುಪಾರು ಸಾಮಾನು, ಅಷ್ಟೇ. ಎರಡು ದಿಬ್ಬ, ಎರಡರಲ್ಲೂ ಅರಸನಿಲ್ಲ. ಹಾಗಾದರೆ ಅವನು ಎಲ್ಲಿಗೆ ಹೋದ?

ಉತ್ತರದ ಸುಳಿವು ಎರಡು ದಿಬ್ಬಗಳ ನಡುವೆಯೇ ನಿಂತಿದೆ. ಎರಡು ಮೀಟರಿಗೂ ಎತ್ತರದ, ಸುಮಾರು 10 ಟನ್ ತೂಕದ, ಮೂರು ಮುಖದ ಬಂಡೆ. ಗೋರ್ಮನ ಮಗ ಹರಾಲ್ಡ್ ಅದರ ಮೇಲೆ ರೂನ್ ಲಿಪಿಯಲ್ಲಿ ಶಾಸನ ಕೆತ್ತಿಸಿದ. ಹೌದು, ‘ನೀಲಿ ಹಲ್ಲಿನ’ ಹರಾಲ್ಡ್. ನಿಮ್ಮ ಫೋನಿನ ಬ್ಲೂಟೂತ್ ಗುರುತು ಇವನ ಹೆಸರಿನ ಎರಡು ರೂನ್ ಅಕ್ಷರಗಳ ಜೋಡಣೆಯೇ! ತಂದೆ ಗೋರ್ಮ್ ಮತ್ತು ತಾಯಿ ತ್ಯೂರಾ ಇವರ ನೆನಪಿಗೆ ಇದನ್ನು ಮಾಡಿಸಿದೆ ಎಂದು ಮೊದಲ ಮುಖ ಆರಂಭಿಸುತ್ತದೆ. ಇಡೀ ಡೆನ್ಮಾರ್ಕನ್ನು ಗೆದ್ದವನೂ ತಾನೇ ಎನ್ನುತ್ತದೆ. ಎರಡನೇ ಮುಖದಲ್ಲಿ ಹಾವು ಸುತ್ತಿಕೊಂಡ ಒಂದು ಮೃಗ, ಅದರಡಿ ನಾರ್ವೆಯ ಹೆಸರು. ಮೂರನೆಯದರಲ್ಲಿ ತೋಳು ಚಾಚಿ ನಿಂತ ಕ್ರಿಸ್ತ, ಅವನ ಕಾಲಡಿಯಲ್ಲಿ ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆನೆಂಬ ಘೋಷಣೆ.

ಆ ಕ್ರಿಸ್ತನನ್ನು ಒಮ್ಮೆ ಸರಿಯಾಗಿ ನೋಡಬೇಕು. ಶಿಲುಬೆಯೇ ಇಲ್ಲ! ಬಳ್ಳಿಯಂಥ ಸುರುಳಿಗಳು ಮೈಯನ್ನು ಹೆಣೆದುಕೊಂಡಿವೆ. ವೈಕಿಂಗ್ ಶಿಲ್ಪಿಗೆ ಗೊತ್ತಿದ್ದ ಅಲಂಕಾರದೊಳಗೇ ಹೊಸ ದೇವರು ಬಂದು ನಿಂತಿದ್ದಾನೆ. ಬರವಣಿಗೆಯ ರೀತಿ ಮಾತ್ರ ಹೊಸದು. ರೂನ್ ಸಾಲುಗಳು ಸಾಮಾನ್ಯವಾಗಿ ಮೇಲೆ ಕೆಳಗೆ ಓಡುತ್ತವೆ. ಇಲ್ಲಿ ಲ್ಯಾಟಿನ್ ಪುಸ್ತಕದ ಪುಟದಂತೆ ಅಡ್ಡಸಾಲುಗಳಿವೆ.

ಈಗ ಮೈ ಜುಮ್ಮೆನ್ನಿಸುವ ಭಾಗ. ಬಂಡೆಯ ಪಕ್ಕದಲ್ಲೇ ಒಂದು ಸಣ್ಣ ಕಲ್ಲಿನ ಚರ್ಚಿದೆ. 1970ರ ದಶಕದ ಕೊನೆಯಲ್ಲಿ ಪುರಾತತ್ವಜ್ಞ ಕ್ನೂಡ್ ಕ್ರೋ ಅದರ ನೆಲವನ್ನು ಅಗೆದರು. ಕೆಳಗೆ ಹಳೆಯ ಮರದ ಕಟ್ಟಡದ ಗುರುತುಗಳು, ಅವುಗಳ ನಡುವೆ ಒಂದು ಸಮಾಧಿ, ಬಟ್ಟೆಯಿಂದ ಉದುರಿದ ಚಿನ್ನದ ಎಳೆಗಳು ಮತ್ತು ನಡುವಯಸ್ಸಿನ ಗಂಡಸೊಬ್ಬನ ಮೂಳೆಗಳು! ಮೂಳೆಗಳು ದೇಹದ ಕ್ರಮದಲ್ಲಿ ಇರಲಿಲ್ಲ, ಕಲಸಿಹೋಗಿದ್ದವು. ಎಂದರೆ ಹೆಣ ಬೇರೆಲ್ಲೋ ಕರಗಿದ ಮೇಲೆ, ಬರೀ ಎಲುಬನ್ನು ತಂದು ಇಲ್ಲಿಟ್ಟಿದ್ದಾರೆ. ಕ್ರೋ ಅವರ ತರ್ಕ ಹೀಗೆ: ಇವನೇ ಗೋರ್ಮ್. ಹಳೆಯ ದೇವರುಗಳ ವಿಧಿಯಂತೆ ಉತ್ತರ ದಿಬ್ಬದಲ್ಲಿ ಮಲಗಿದ್ದ ತಂದೆಯನ್ನು ಕ್ರೈಸ್ತನಾದ ಮಗ ಎತ್ತಿ ತಂದು ಚರ್ಚಿನೊಳಗೆ ಮಲಗಿಸಿದ. ಸತ್ತವನಿಗೂ ಮತಾಂತರ! ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಮೂಳೆಗಳ ಮೇಲೆ ಹೆಸರು ಬರೆದಿಲ್ಲವಲ್ಲ. ಆದರೂ ಖಾಲಿ ಕೋಣೆ ಮತ್ತು ಕದಲಿಸಿದ ಎಲುಬು ಅಕ್ಕಪಕ್ಕದಲ್ಲೇ ಇರುವಾಗ, ನನಗಂತೂ ಕ್ರೋ ಅವರ ಮಾತೇ ಹೆಚ್ಚು ಒಪ್ಪುತ್ತದೆ.

ಹರಾಲ್ಡನ ಮನಸ್ಸು ತಿರುಗಿದ್ದಾದರೂ ಹೇಗೆ? ಅದೇ ಕಾಲದಲ್ಲಿದ್ದ ವಿಡುಕಿಂಡ್ ಎಂಬ ಸ್ಯಾಕ್ಸನ್ ಸನ್ಯಾಸಿ ಒಂದು ಕತೆ ಬರೆದಿಟ್ಟಿದ್ದಾನೆ. ದೊರೆಯ ಎದುರಿನ ಔತಣದಲ್ಲಿ ದೇವರ ಬಗ್ಗೆ ವಾದ ಹತ್ತಿತು. ಕ್ರಿಸ್ತನೂ ದೇವರೇ ಇರಬಹುದು, ಆದರೆ ನಮ್ಮ ದೇವರುಗಳು ಅವನಿಗಿಂತ ದೊಡ್ಡವರು ಎಂದರು ಡೇನರು. ಪೊಪ್ಪೊ ಎಂಬ ಪಾದ್ರಿ, ಇರುವುದೊಂದೇ ದೇವರು ಎಂದು ಪಟ್ಟು ಹಿಡಿದ. ಸಾಬೀತು ಮಾಡುತ್ತೀಯಾ ಎಂದು ಕೇಳಿದ ಹರಾಲ್ಡ್, ರಾತ್ರಿಯಿಡೀ ಅವನನ್ನು ಕಾವಲಿನಲ್ಲಿರಿಸಿ, ಬೆಳಿಗ್ಗೆ ಭಾರವಾದ ಕಬ್ಬಿಣವನ್ನು ಕೆಂಪಗೆ ಕಾಯಿಸಿದ. ನಮ್ಮ ಹಳೆಯ ಶಾಸನಗಳು ‘ದಿವ್ಯ’ ಎನ್ನುವ ಪರೀಕ್ಷೆಯೇ ಇದು. ಪೊಪ್ಪೊ ಅದನ್ನು ಹೊತ್ತು ನಡೆದು, ಸುಡದ ಕೈಯನ್ನು ಎಲ್ಲರಿಗೂ ತೋರಿಸಿದನಂತೆ. ಇದು ಸುಮಾರು 965ರ ಮಾತು.

ಪವಾಡವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಗಡಿಯಾಚೆ ಏನು ನಡೆಯುತ್ತಿತ್ತು ನೋಡಿ! ದಕ್ಷಿಣದಲ್ಲಿ ಜರ್ಮನ್ ದೊರೆ ಒಟ್ಟೊ 962ರಲ್ಲಿ ಚಕ್ರವರ್ತಿಯಾಗಿದ್ದ. ಅದಕ್ಕೂ ಮೊದಲೇ, 948ರಲ್ಲಿ, ಡೇನರ ಶ್ಲೆಸ್ವಿಗ್, ರಿಬೆ, ಆರ್ಹುಸ್ ಊರುಗಳ ಹೆಸರಿನಲ್ಲಿ ಬಿಷಪ್ಪರು ಜರ್ಮನಿಯ ಧರ್ಮಸಭೆಯಲ್ಲಿ ಹಾಜರಾಗಿದ್ದರು. ಪಕ್ಕದ ಅರಸ ಇನ್ನೂ ಅನ್ಯಧರ್ಮೀಯ ಎನ್ನುವುದೇ ದಂಡೆತ್ತಿ ಬರಲು ಸಾಕಷ್ಟು ನೆಪ. ಆ ನೆಪವನ್ನೇ ಹರಾಲ್ಡ್ ಕಿತ್ತುಕೊಂಡ. ನೂರು ವರ್ಷಗಳ ನಂತರ ಬ್ರೆಮೆನ್ನಿನ ಆಡಂ ಎಂಬ ಪಾದ್ರಿ, ಒಟ್ಟೊ ಯುದ್ಧದಲ್ಲಿ ಸೋಲಿಸಿದ್ದರಿಂದಲೇ ಹರಾಲ್ಡ್ ಕ್ರೈಸ್ತನಾದ ಎಂದು ಬರೆದ. ಅದೇ ಕಾಲದ ವಿಡುಕಿಂಡ್ ಅಂಥ ಯುದ್ಧದ ಸುದ್ದಿಯನ್ನೇ ಎತ್ತುವುದಿಲ್ಲ. ಬಂಡೆಯ ಮೇಲಾದರೋ ಪೊಪ್ಪೊ ಇಲ್ಲ, ಬಿಷಪ್ ಇಲ್ಲ, ಚಕ್ರವರ್ತಿ ಇಲ್ಲ. ಮಾಡಿದವನು ಹರಾಲ್ಡ್ ಒಬ್ಬನೇ!

ಅರಸನಿಗೆ ಈ ಧೈರ್ಯ ಬಂದದ್ದಕ್ಕೆ ಕಾರಣವಿದೆ. ಆ ನಾಡಿನಲ್ಲಿ ಹಬ್ಬದ ಬಲಿಯನ್ನೂ ಔತಣವನ್ನೂ ಮುಂದೆ ನಿಂತು ನಡೆಸುತ್ತಿದ್ದವರು ಅರಸರು ಮತ್ತು ಊರ ಮುಖಂಡರೇ. ಅರಸ ಹಿಂದೆ ಸರಿದರೆ ಬಹಿರಂಗ ಪೂಜೆಯ ಬೆನ್ನೆಲುಬೇ ಮುರಿಯುತ್ತದೆ. ಆದರೆ ಮುಖಂಡರು ಜೊತೆಗಿರಬೇಕು. ನಾರ್ವೆಯ ಹೋಕನ್ ಇಂಗ್ಲೆಂಡಿನಲ್ಲಿ ಬೆಳೆದು ಕ್ರೈಸ್ತನಾಗಿಯೇ ಬಂದು ಪಟ್ಟವೇರಿದ್ದ. ರೈತರು ಅವನನ್ನು ಬಲಿಯ ಔತಣದಲ್ಲಿ ಕೂರಿಸಿ ಕುದುರೆಯ ಪಿತ್ತಜನಕಾಂಗ ತಿನ್ನಿಸಿದರೆಂದು ಐಸ್‌ಲ್ಯಾಂಡಿನ ಸ್ನೋರಿ 13ನೇ ಶತಮಾನದಲ್ಲಿ ಬರೆದ. ಹೋಕನ್ ಸೋತಲ್ಲಿ ಹರಾಲ್ಡ್ ಗೆದ್ದ.

ಗೆದ್ದನೆಂದು ಹಳೆಯದನ್ನು ಕೆಡವಿದನೇ? ಇಲ್ಲ! ಆ ಖಾಲಿ ದಕ್ಷಿಣ ದಿಬ್ಬವನ್ನು ಎಬ್ಬಿಸಿದ್ದು ಸುಮಾರು 970ರಲ್ಲಿ, ಅಂದರೆ ಅವನು ಕ್ರೈಸ್ತನಾದ ಮೇಲೆ. ಹಳೆಯ ಧರ್ಮದವರ ಕಣ್ಣಿಗೆ ಗೌರವದ ಗುರುತಾಗಿದ್ದ ದಿಬ್ಬವನ್ನೇ ಇನ್ನೂ ದೊಡ್ಡದಾಗಿ ಕಟ್ಟಿ, ಎರಡು ದಿಬ್ಬಗಳ ನಡುವೆ ಕ್ರಿಸ್ತನ ಬಂಡೆ ನಿಲ್ಲಿಸಿದ.

ಜನರೂ ಹೀಗೆಯೇ ಎರಡು ದೋಣಿಗಳಲ್ಲಿ ಕಾಲಿಟ್ಟಿದ್ದರು. ಯುಟ್‌ಲ್ಯಾಂಡಿನ ಟ್ರೆಂಡ್‌ಗೋರ್ಡೆನ್ ಎಂಬಲ್ಲಿ ಸಿಕ್ಕ ಮೃದುಗಲ್ಲಿನ ಅಚ್ಚೊಂದರಲ್ಲಿ ಶಿಲುಬೆಯನ್ನೂ ಥಾರ್ ದೇವರ ಸುತ್ತಿಗೆಯನ್ನೂ ಎರಕ ಹೊಯ್ಯಬಹುದು, ಗಿರಾಕಿ ಯಾರಾದರೇನು! ಹರಾಲ್ಡನೇ 980ರ ಸುಮಾರಿಗೆ ಕಟ್ಟಿಸಿದ ಫ್ಯುರ್ಕಾಟ್ ಕೋಟೆಯ ಸ್ಮಶಾನದಲ್ಲಿ ಒಬ್ಬ ಹೆಂಗಸನ್ನು ಬಂಡಿಯಲ್ಲಿ ಮಲಗಿಸಿ ಹೂಳಿದ್ದಾರೆ. ಜೊತೆಯಲ್ಲಿ ಲೋಹದ ಕೋಲು ಮತ್ತು ತಿಂದರೆ ಭ್ರಮೆ ಹಿಡಿಸುವ ಗಿಡದ ಬೀಜಗಳು. ಅವಳು ಕಣಿ ಹೇಳುವವಳಿರಬೇಕೆಂದು ತಜ್ಞರ ಊಹೆ. ಕ್ರೈಸ್ತ ದೊರೆಯ ಕೋಟೆಯ ಮಗ್ಗುಲಲ್ಲೇ ಅವಳಿಗೆ ಇಷ್ಟು ಮರ್ಯಾದೆ! ಇಡೀ ಜನರನ್ನು ಕ್ರೈಸ್ತರನ್ನಾಗಿ ಮಾಡಿದೆ ಎಂಬ ಬಂಡೆಯ ಮಾತನ್ನು ಈ ಸಮಾಧಿಯ ಪಕ್ಕದಲ್ಲಿಟ್ಟು ಓದಬೇಕು. ಹರಾಲ್ಡ್ ಬದಲಿಸಿದ್ದು ರಾಜ್ಯದ ಧರ್ಮವನ್ನು. ಮನೆಮನೆಯ ಧರ್ಮ ನಿಧಾನವಾಗಿ ಹಿಂದೆ ಬಂತು.

980ರ ದಶಕದಲ್ಲಿ ಮಗ ಸ್ವೇನ್ ದಂಗೆಯೆದ್ದ. ಗಾಯಗೊಂಡು ಓಡಿದ ಹರಾಲ್ಡ್ ಪರದೇಶದಲ್ಲಿ ಸತ್ತ. ಆದರೂ ಸ್ವೇನ್ ಹಳೆಯ ದೇವರುಗಳನ್ನು ಸಿಂಹಾಸನದ ಬಳಿಗೆ ಮರಳಿ ತರಲಿಲ್ಲ. ಅವನ ಮಗ ಕ್ನೂಟ್ 1027ರಲ್ಲಿ ರೋಮಿಗೆ ಹೋಗಿ, ಪೋಪ್ ಜರ್ಮನ್ ಚಕ್ರವರ್ತಿಗೆ ಕಿರೀಟ ತೊಡಿಸುವಾಗ ಅತಿಥಿಯಾಗಿ ನಿಂತಿದ್ದ.