3.17ರ ಹಿಂದೆ ಎರಡು ತರಗತಿ

‘ವಿದ್ಯಾರ್ಥಿಗಳ ಅಭಿಪ್ರಾಯವನ್ನು ಪರಿಶೀಲಿಸಲಾಗಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಕಾಲೇಜುಗಳ ಫೀಡ್‌ಬ್ಯಾಕ್ ಕಡತಗಳಲ್ಲಿ ಈ ವಾಕ್ಯ ಎಷ್ಟು ಸಲ ಸಿಗುತ್ತದೋ ಲೆಕ್ಕವಿಲ್ಲ. ಯಾರು ಏನು ಹೇಳಿದರು, ಯಾವ ಕ್ರಮ, ಯಾರು ಕೈಗೊಳ್ಳುತ್ತಾರೆ, ಯಾವಾಗ ಎಂಬ ಯಾವ ಪ್ರಶ್ನೆಗೂ ಇದರಲ್ಲಿ ಉತ್ತರವಿಲ್ಲ. ಆದರೂ ಕಡತ ಭರ್ತಿಯಾಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ ಸಂಸ್ಥೆ ಕಾಲೇಜುಗಳ ಮೌಲ್ಯಮಾಪನ ಮಾಡುವಾಗ, ಫೀಡ್‌ಬ್ಯಾಕ್ ಪಡೆದಿದ್ದೀರಾ ಎಂದು ಕೇಳಿ ಸುಮ್ಮನಾಗುವುದಿಲ್ಲ. ಅದನ್ನು ವಿಶ್ಲೇಷಿಸಿ ಏನು ಮಾಡಿದಿರಿ ಎಂದೂ ನೋಡುತ್ತದೆ. ಹಾಗಾಗಿ ಕಾಲೇಜಿನ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಭರವಸೆ ಕೋಶ, ವರ್ಷ ವರ್ಷವೂ ‘ಆ್ಯಕ್ಷನ್ ಟೇಕನ್ ರಿಪೋರ್ಟ್’ ಬರೆಸುತ್ತದೆ. ಆ ವರದಿಯನ್ನು ನಿಜವಾದ ಉತ್ತರವಾಗಿಸುವುದು ಹೇಗೆ ಎಂಬುದನ್ನು ಒಂದು ಕಲ್ಪಿತ ತರಗತಿಯ ಮೂಲಕ ನೋಡೋಣ.

ಬಿ.ಕಾಂ ಮೊದಲ ಸೆಮಿಸ್ಟರ್, ಫೈನಾನ್ಷಿಯಲ್ ಅಕೌಂಟಿಂಗ್. ತರಗತಿಯಲ್ಲಿ 60 ಮಂದಿ. ಹೆಸರು, ರೋಲ್ ನಂಬರ್ ಕೇಳದ ಫಾರಂ ಅನ್ನು 42 ಮಂದಿ ತುಂಬಿದ್ದಾರೆ. ಪ್ರತಿ ಹೇಳಿಕೆಗೂ 1ರಿಂದ 5ರವರೆಗೆ ಅಂಕ: 5 ಎಂದರೆ ಪೂರ್ತಿ ಒಪ್ಪಿಗೆ, 1 ಎಂದರೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಎರಡು ಹೇಳಿಕೆಗಳನ್ನು ತೆಗೆದುಕೊಳ್ಳೋಣ. ‘ಪಾಠದ ವೇಗ ನನಗೆ ಸರಿಹೊಂದಿತು’ ಎಂಬುದಕ್ಕೆ ಬಂದ ಸರಾಸರಿ 3.17. ‘ಟೆಸ್ಟ್ ಪೇಪರ್ ಸಕಾಲಕ್ಕೆ ಕೈಸೇರಿತು’ ಎಂಬುದಕ್ಕೂ ಅದೇ 3.17. ವರದಿಯ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಕೂತು, ಎರಡರ ಮುಂದೆಯೂ ‘ತೃಪ್ತಿಕರ’ ಎಂದು ಬೀಳುತ್ತದೆ. ಆದರೆ ಯಾವ ಅಂಕವನ್ನು ಎಷ್ಟು ಮಂದಿ ಕೊಟ್ಟರು ಎಂದು ಬಿಡಿಸಿ ನೋಡಿದರೆ ಚಿತ್ರವೇ ಬೇರೆ. ಟೆಸ್ಟ್ ಪೇಪರಿಗೆ 23 ಮಂದಿ 3 ಕೊಟ್ಟಿದ್ದಾರೆ. ಇಬ್ಬರು 5, ಹತ್ತು ಮಂದಿ 4, ಏಳು ಮಂದಿ 2. ಸ್ವಲ್ಪ ತಡವಾಗುತ್ತಿತ್ತು, ಸಹಿಸಿಕೊಂಡಿದ್ದಾರೆ ಎಂದಷ್ಟೇ ಇದರ ಅರ್ಥ. ಪಾಠದ ವೇಗಕ್ಕಾದರೋ 14 ಮಂದಿ 5, ಏಳು ಮಂದಿ 4 ಕೊಟ್ಟಿದ್ದರೆ, ಎಂಟು ಮಂದಿ 2, ಹತ್ತು ಮಂದಿ 1 ಕೊಟ್ಟಿದ್ದಾರೆ. ನಡುವೆ ನಿಂತವರು ಮೂವರೇ. ಒಂದೇ ಕೋಣೆಯಲ್ಲಿ ಎರಡು ತರಗತಿಗಳು ಕೂತಿವೆ. ಸರಾಸರಿ ಅಂಕ ಹೇಳುವ ‘ಸಾಧಾರಣ ವೇಗ’ದ ಪಾಠವನ್ನು ಅಲ್ಲಿ ಹೆಚ್ಚುಕಡಿಮೆ ಯಾರೂ ಕೇಳಿಲ್ಲ. ಆದ್ದರಿಂದ ವರದಿಯಲ್ಲಿ ಸರಾಸರಿಯ ಜತೆಗೆ ಈ ಹಂಚಿಕೆಯೂ ಇರಲೇಬೇಕು.

ಯಾರು ಈ ಹದಿನೆಂಟು ಮಂದಿ? ಫಾರಂನಲ್ಲಿ ಒಂದು ಹಿನ್ನೆಲೆಯ ಪ್ರಶ್ನೆ ಇದ್ದರೆ ಉತ್ತರ ಸಿಗುತ್ತದೆ: ಪಿಯುಸಿಯಲ್ಲಿ ಅಕೌಂಟೆನ್ಸಿ ಓದಿದ್ದೀರಾ? ನಮ್ಮ ಉದಾಹರಣೆಯಲ್ಲಿ ಓದದವರು 19 ಮಂದಿ. ವೇಗಕ್ಕೆ 1 ಅಥವಾ 2 ಕೊಟ್ಟ ಹದಿನೆಂಟರಲ್ಲಿ 16 ಮಂದಿ ಅವರೇ. ಪಿಯುಸಿಯಲ್ಲಿ ಸೈನ್ಸ್ ಅಥವಾ ಆರ್ಟ್ಸ್ ಓದಿ ಬಿ.ಕಾಂಗೆ ಬಂದವರಿಗೆ ಜರ್ನಲ್, ಲೆಡ್ಜರ್ ಎಲ್ಲ ಹೊಸದು. ಉಳಿದವರು ಅದನ್ನು ಎರಡು ವರ್ಷ ಬರೆದು ಬಂದಿದ್ದಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಿನ್ನೆಲೆಯನ್ನು ತೀರಾ ಸಣ್ಣದಾಗಿ ಸೀಳಬಾರದು. ಆರ್ಟ್ಸ್‌ನಿಂದ ಬಂದವರು ಇಬ್ಬರೇ ಇದ್ದು, ಅವರ ಅಂಕಗಳನ್ನು ಬೇರೆಯಾಗಿ ಅಚ್ಚು ಹಾಕಿದರೆ ಹೆಸರಿಲ್ಲದ ಫಾರಂಗೂ ಹೆಸರು ಬಂದಂತೆ. ‘ಓದಿದವರು, ಓದದವರು’ ಎಂಬ ಎರಡೇ ಗುಂಪು ಸಾಕು.

ಮುಂದಿನ ಪ್ರಶ್ನೆ, ಫಾರಂ ತುಂಬದ 18 ಮಂದಿಯದು. ಉತ್ತರಿಸಿದ 42ರಲ್ಲಿ 18 ಎಂದರೆ ಶೇ 43. ಇದನ್ನೇ ‘ತರಗತಿಯ ಶೇ 43ರಷ್ಟು ವಿದ್ಯಾರ್ಥಿಗಳಿಗೆ ವೇಗ ಹಿಡಿಸಲಿಲ್ಲ’ ಎಂದು ಬರೆದರೆ ತಪ್ಪಾಗುತ್ತದೆ. ಉತ್ತರಿಸದವರೆಲ್ಲ ಒಪ್ಪಿಕೊಂಡವರೇ ಆಗಿದ್ದರೆ 60ರಲ್ಲಿ 18, ಶೇ 30. ಅವರೆಲ್ಲ ಕಷ್ಟಪಟ್ಟವರೇ ಆಗಿದ್ದರೆ 60ರಲ್ಲಿ 36, ಶೇ 60. ನಿಜ ಇವೆರಡರ ನಡುವೆ ಎಲ್ಲೋ ಇದೆ. ಈ ಲೆಕ್ಕವನ್ನು ವರದಿಯಲ್ಲಿ ಎರಡು ಸಾಲಿನಲ್ಲಿ ಹೇಳಿಬಿಟ್ಟರೆ ಅನುಕೂಲವೂ ಇದೆ: ಅತಿ ಕಡಿಮೆ ಎಂದರೂ ತರಗತಿಯ ಮೂರನೇ ಒಂದು ಪಾಲಿಗೆ ಹತ್ತಿರದಷ್ಟು ಮಂದಿ ತೊಂದರೆಯಲ್ಲಿದ್ದಾರೆ, ಹಾಗಾಗಿ ಕ್ರಮ ಬೇಕೇ ಬೇಕು ಎಂದು ಯಾರೂ ಅಲ್ಲಗಳೆಯದಂತೆ ಬರೆಯಬಹುದು.

ಎಲ್ಲರೂ ತುಂಬಲಿ ಎಂದು ಹಾಲ್ ಟಿಕೆಟ್‌ಗೆ ಫೀಡ್‌ಬ್ಯಾಕ್ ಅನ್ನು ಗಂಟು ಹಾಕಿದರೆ ಸಂಖ್ಯೆ ಏರುತ್ತದೆ, ಉತ್ತರ ಹಾಳಾಗುತ್ತದೆ. ಮೊದಲ ಪ್ರಶ್ನೆಯಿಂದ ಕೊನೆಯವರೆಗೂ ಒಂದೇ ಸಾಲಿನಲ್ಲಿ 5 ಒತ್ತಿ ಹೋದ ಫಾರಂಗಳು ಬರುತ್ತವೆ. ಇದನ್ನು ಕಂಡುಹಿಡಿಯಲು ನಡುವೆ ಒಂದು ತಿರುವು ಹೇಳಿಕೆ ಇಡುತ್ತಾರೆ: ‘ಲೆಕ್ಕ ಬಿಡಿಸುವಾಗ ಹಂತಗಳು ನನಗೆ ಅರ್ಥವಾಗಲಿಲ್ಲ.’ ಪಾಠ ಚೆನ್ನಾಗಿ ಅರ್ಥವಾಯಿತು ಎಂಬುದಕ್ಕೂ 5, ಇದಕ್ಕೂ 5 ಎಂದಿದ್ದರೆ ಆ ಫಾರಂ ಅನ್ನು ಓದದೆ ತುಂಬಿರುವ ಸಾಧ್ಯತೆ ಹೆಚ್ಚು. ಅಂಥವು ಎಷ್ಟು ಬಂದವು ಎಂದು ವರದಿಯಲ್ಲಿ ತಿಳಿಸಬೇಕು.

ಇನ್ನು ಕೈಯಾರೆ ಬರೆದ ಅನಿಸಿಕೆಗಳು. ಒಂದು ಕಹಿ ಮಾತು ಮನಸ್ಸಿನಲ್ಲಿ ಉಳಿದು, ಉಳಿದ ಇಪ್ಪತ್ತು ಮರೆಯುವುದು ಮನುಷ್ಯಸಹಜ. ಅದಕ್ಕೇ ಎಲ್ಲವನ್ನೂ ಓದಿ ವಿಷಯವಾರು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಎಷ್ಟು ಎಂದು ಎಣಿಸಬೇಕು. ‘ಬೋರ್ಡ್ ಮೇಲೆ ಬರೆದದ್ದನ್ನು ಇಳಿಸಿಕೊಳ್ಳುವಷ್ಟರಲ್ಲಿ ಒರೆಸುತ್ತಾರೆ’ ಎಂಬುದು ವೇಗದ ಗುಂಪಿಗೆ ಸೇರುತ್ತದೆ, ಏನು ತಿದ್ದಬೇಕು ಎಂದೂ ಹೇಳುತ್ತದೆ. ಉಡುಪು, ದನಿ, ಊರಿನ ಮಾತಿನ ಧಾಟಿಯ ಬಗೆಗಿನ ಟೀಕೆಗೆ ವರದಿಯಲ್ಲಿ ಜಾಗವಿಲ್ಲ. ಇಂಥ ಪೂರ್ವಗ್ರಹ ಅಂಕಗಳಲ್ಲೂ ನುಸುಳಬಹುದು. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಆನ್‌ಲೈನ್ ಕೋರ್ಸಿನ ಬೋಧಕರು ಕೆಲವು ಗುಂಪುಗಳಿಗೆ ಗಂಡಸಿನ ಹೆಸರಿನಲ್ಲೂ ಕೆಲವಕ್ಕೆ ಹೆಂಗಸಿನ ಹೆಸರಿನಲ್ಲೂ ಪಾಠ ಮಾಡಿದರು. ನಿಜದಲ್ಲಿ ಯಾರೇ ಪಾಠ ಮಾಡಿರಲಿ, ಗಂಡಸಿನ ಹೆಸರಿಗೇ ಹೆಚ್ಚು ಅಂಕ ಬಂತು. ಆದ್ದರಿಂದ ಕೋರ್ಸಿನಲ್ಲಿ ಏನು ತಿದ್ದಬೇಕು ಎಂದು ತಿಳಿಯಲು ಈ ಅಂಕ ನೆರವಾಗುತ್ತದೆ. ಇಬ್ಬರು ಮೇಷ್ಟ್ರುಗಳನ್ನು ದಶಮಾಂಶದ ವ್ಯತ್ಯಾಸದಲ್ಲಿ ಮೇಲೆ-ಕೆಳಗೆ ಮಾಡಲು ಅದಕ್ಕೆ ಬಲ ಸಾಲದು.

ಇಷ್ಟಾದ ಮೇಲೆ ವರದಿಯ ಮುಖ್ಯ ಭಾಗ. ಪ್ರತಿ ಅಂಶಕ್ಕೂ ಐದು ಸಂಗತಿ: ವಿದ್ಯಾರ್ಥಿಗಳು ಹೇಳಿದ್ದು, ಅದಕ್ಕೆ ಆಧಾರ, ಮಾಡುವುದು, ಮಾಡುವವರು ಮತ್ತು ಗಡುವು, ಫಲ ನೋಡುವ ಬಗೆ. ನಮ್ಮ ತರಗತಿಗೆ ಅದು ಹೀಗಿರಬಹುದು: ‘ಪಿಯುಸಿಯಲ್ಲಿ ಅಕೌಂಟೆನ್ಸಿ ಓದದ 19 ಮಂದಿಯಲ್ಲಿ 16 ಮಂದಿಗೆ ಪಾಠದ ವೇಗ ಹೆಚ್ಚಾಗಿತ್ತು. ಮುಂದಿನ ಬ್ಯಾಚ್‌ನಲ್ಲಿ ಅಂಥವರಿಗೆ ಮೊದಲ ನಾಲ್ಕು ಶನಿವಾರ ಎರಡೆರಡು ಗಂಟೆ ಬ್ರಿಡ್ಜ್ ಕ್ಲಾಸ್ ನಡೆಸಿ, ಜರ್ನಲ್‌ನಿಂದ ಟ್ರಯಲ್ ಬ್ಯಾಲೆನ್ಸ್‌ವರೆಗೆ ಕಲಿಸಲಾಗುವುದು. ಹೊಣೆ: ವಿಷಯದ ಅಧ್ಯಾಪಕರು. ಮೊದಲ ಇಂಟರ್ನಲ್ ಟೆಸ್ಟಿನಲ್ಲಿ ಎರಡೂ ಗುಂಪಿನ ಅಂಕ ಹೋಲಿಸಿ, ಸೆಮಿಸ್ಟರ್ ಕೊನೆಯಲ್ಲಿ ಇದೇ ಹೇಳಿಕೆಯನ್ನು ಮತ್ತೆ ಕೇಳಲಾಗುವುದು.’ ಹೇಳಿಕೆಯ ಮಾತು ಬದಲಾದರೆ ಹೋಲಿಕೆ ಕೆಡುತ್ತದೆ. ಅದಕ್ಕೇ ‘ಇದೇ ಹೇಳಿಕೆ’.

ಆಗದ ಕೆಲಸವನ್ನೂ ಕಾರಣದ ಜತೆ ಬರೆಯಬೇಕು. ಸಿಲಬಸ್ ಇಳಿಸಿ ಎಂದು ಒಂಬತ್ತು ಮಂದಿ ಕೇಳಿದ್ದಾರೆ ಎನ್ನಿ. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿಗೆ ಅದು ಕೈಯಲ್ಲಿರುವ ಮಾತಲ್ಲ. ಅದನ್ನು ನಿರ್ಧರಿಸುವ ಅಧ್ಯಯನ ಮಂಡಳಿಗೆ ಬರೆದದ್ದು ಯಾವ ದಿನ ಎಂದು ದಾಖಲಿಸಬಹುದು.

ಈ ವರದಿಯ ಮೊದಲ ಓದುಗರು ಫಾರಂ ತುಂಬಿದವರೇ ಆಗಬೇಕು. ಒಂದು ಪುಟದ ಸಾರಾಂಶವನ್ನು ಎರಡನೇ ಸೆಮಿಸ್ಟರಿನ ಮೊದಲ ವಾರ ಅದೇ ತರಗತಿಯಲ್ಲಿ ಓದಿ ಹೇಳಲು ಹತ್ತು ನಿಮಿಷ ಸಾಕು. ಬ್ರಿಡ್ಜ್ ಕ್ಲಾಸ್‌ನ ಲಾಭ ಮುಂದಿನ ಬ್ಯಾಚ್‌ಗೆ ಸಿಗುವುದರಿಂದ, ಈ ಹದಿನಾರು ಮಂದಿಗೆ ಈಗಲೇ ಏನು ಮಾಡುತ್ತೀರಿ ಎಂದು ಅಲ್ಲೇ ಯಾರಾದರೂ ಕೇಳಿಯಾರು. ಆ ಪ್ರಶ್ನೆಗೂ ವರದಿಯಲ್ಲಿ ಒಂದು ಸಾಲು ಸಿದ್ಧವಿರಲಿ.